ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಅಂಟಿದ್ದೇನು, ಪಂಚೆ ಮೇಲೆ ಉಳಿದ ಕಲೆ ಯಾವುದು?

ಗೌರಿ ಹಬ್ಬದ ಬೆಳಿಗ್ಗೆ. ಮಗಳ ಫ್ರಾಕ್ ಇಸ್ತ್ರಿ ಮಾಡುತ್ತಿದ್ದೆ. ಬಟ್ಟೆ ಹತ್ತಿಯದ್ದೇ, ಆದರೆ ಅಂಚಿನಲ್ಲಿ ಎರಡು ಬೆರಳಗಲದ ನೈಲಾನ್ ನೆಟ್ ಇತ್ತು. ಪೆಟ್ಟಿಗೆಯ ಬಿಸಿ ಹೊಂದಿಸುವ ಗುಂಡಿ ಕಾಟನ್ ಮೇಲೆಯೇ ಇದ್ದದ್ದನ್ನು ಗಮನಿಸಲಿಲ್ಲ. ನೆಟ್ ಮೇಲೆ ಪೆಟ್ಟಿಗೆ ಹೋದದ್ದೇ ತಡ, ಒಂದು ಸಣ್ಣ ಸುಯ್ ಶಬ್ದ, ಪ್ಲಾಸ್ಟಿಕ್ ಸುಟ್ಟ ವಾಸನೆ. ಎತ್ತಿ ನೋಡಿದರೆ ನೆಟ್ಟಿನ ಅರ್ಧ ಭಾಗ ಪೆಟ್ಟಿಗೆಯ ತಳಕ್ಕೆ ಅಂಟಿ ಕೂತಿತ್ತು. ಹಳೇ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಸರಿಹೋಯಿತು ಅಂದುಕೊಂಡು ಅಪ್ಪನ ಬಿಳಿ ಪಂಚೆ ಎತ್ತಿಕೊಂಡೆ. ಹಿಂದಿನ ದಿನ ಗಟ್ಟಿಯಾಗಿ ಗಂಜಿ ಹಾಕಿದ್ದ ಪಂಚೆ. ಮಧ್ಯದಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪೆಟ್ಟಿಗೆಯನ್ನು ಪಂಚೆ ಮೇಲೆಯೇ ಬಿಟ್ಟು ಹೋಗಿ ಬಂದೆ.

ವಾಪಸ್ ಬಂದು ನೋಡಿದಾಗ ಪಂಚೆಯ ಮೇಲೆ ಮೂರು ಥರದ ಗುರುತು ಇತ್ತು. ಒಂದು ಕಡೆ ಕಪ್ಪು ಗೀರು. ಇನ್ನೊಂದು ಕಡೆ ಅಲ್ಲಲ್ಲಿ ತಿಳಿ ಕಂದು ಮಚ್ಚೆ. ಪೆಟ್ಟಿಗೆ ನಿಂತಿದ್ದ ಜಾಗದಲ್ಲಿ ಅದರ ಮೂತಿಯದೇ ಆಕಾರದ ಗಾಢ ಕಂದು ಕಲೆ. ಅಮ್ಮ ನಿಂಬೆಹಣ್ಣು ತಂದರು, ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಿ ಅಂದರು, ಫೋನಿನಲ್ಲಿ ಅತ್ತಿಗೆ ವಿನೆಗರ್ ಅಂದರು. ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಮೂರು ಗುರುತಿಗೆ ಮೂರು ಬೇರೆ ಕಾರಣ ಇರುವಾಗ ಒಂದೇ ಔಷಧಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲು ಕಾರಣ ನೋಡೋಣ.

ಕರಗುವ ಬಟ್ಟೆ, ಸೀಯುವ ಬಟ್ಟೆ

ಇಸ್ತ್ರಿ ಮಾಡುವವರ ಕಣ್ಣಲ್ಲಿ ಬಟ್ಟೆಗಳು ಎರಡೇ ಜಾತಿ. ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್ ಇವೆಲ್ಲ ಒಂಥರಾ ಪ್ಲಾಸ್ಟಿಕ್ಕೇ. ಎಳೆಯಾಗಿ ಎಳೆದು ನೇಯ್ದಿರುತ್ತಾರೆ ಅಷ್ಟೆ. ಬಿಸಿ ತಾಗಿದರೆ ಮೊದಲು ಮೆತ್ತಗಾಗುತ್ತವೆ, ಆಮೇಲೆ ಕರಗುತ್ತವೆ. ಸಾಮಾನ್ಯ ನೈಲಾನ್ ಸುಮಾರು 220 ಡಿಗ್ರಿಗೆ ಕರಗುತ್ತದೆ, ಪಾಲಿಯೆಸ್ಟರ್ ಸುಮಾರು 250ರಿಂದ 260ಕ್ಕೆ. ಆದರೆ ಅಂಟಿಕೊಳ್ಳಲು ಪೂರ್ತಿ ಕರಗಬೇಕಾಗಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಲೋಹಕ್ಕೆ ಹಿಡಿದುಕೊಳ್ಳುತ್ತವೆ.

ಹತ್ತಿ ಹಾಗಲ್ಲ. ಅದು ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಸೀಯುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಕಾಗದ ಸುಡುವ ಹಾಗೆ. ಕಾಗದ, ಹತ್ತಿ ಎರಡರಲ್ಲೂ ಇರುವುದು ಸೆಲ್ಯುಲೋಸ್ ಎಂಬ ಒಂದೇ ವಸ್ತು, ವಾಸನೆಯೂ ಒಂದೇ ಥರ ಇರುವುದು ಅದಕ್ಕೇ.

ಇನ್ನು ಗುಂಡಿಯ ಮೇಲಿನ ಚುಕ್ಕಿಗಳು. ಒಂದು ಚುಕ್ಕಿ ಅಂದರೆ ತಳ ಸುಮಾರು 110 ಡಿಗ್ರಿ, ಎರಡು ಅಂದರೆ 150, ಮೂರು ಅಂದರೆ 200. ಕಾಟನ್ ಅಂದರೆ ಮೂರು ಚುಕ್ಕಿ. ನೈಲಾನ್ ಒಂದೇ ಚುಕ್ಕಿಯದ್ದು. ನನ್ನ ಫ್ರಾಕಿಗೆ ಏನಾಯಿತು ಅಂತ ಇಲ್ಲಿಗೇ ಗೊತ್ತಾಯಿತು ಅಲ್ವಾ.

ಇಲ್ಲಿ ಇನ್ನೊಂದು ವಿಷಯ ಇದೆ. ತಳ ಬಿಸಿಯಾದಾಗ ಒಳಗಿನ ಒಂದು ಲೋಹದ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದಾಗ ನೆಟ್ಟಗಾಗಿ ಮತ್ತೆ ಜೋಡಿಸುತ್ತದೆ. ದೀಪ ಆರಿ ಹತ್ತುವುದು ಇದರಿಂದಲೇ. ಮೊದಲ ಸಲ ಕಾಯುವಾಗ ತಳ ಗುಂಡಿ ಹೇಳಿದ್ದಕ್ಕಿಂತ ಜಾಸ್ತಿ ಬಿಸಿಗೆ ಹೋಗಿ ನಂತರ ಕೆಳಗಿಳಿಯುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಮೇಲೆ ಮೊದಲ ಸಲ ದೀಪ ಆರಿದ ತಕ್ಷಣ ಬಟ್ಟೆ ಮೇಲಿಡುವುದು ಅಪಾಯದ ಹೊತ್ತು. ಒಂದು ಸಲ ಆರಿ, ಮತ್ತೆ ಹತ್ತುವ ತನಕ ಕಾದರೆ ಬಿಸಿ ಹದಕ್ಕೆ ಬಂದಿರುತ್ತದೆ.

ಒಂದೇ ಬಿಸಿಗೆ ಒಂದು ಸಲ ಸೀಯುತ್ತದೆ, ಇನ್ನೊಂದು ಸಲ ಇಲ್ಲ. ಯಾಕೆ?

ಅನ್ನ ತಳ ಹಿಡಿಯುವುದನ್ನು ನೆನಪಿಸಿಕೊಳ್ಳಿ. ಪಾತ್ರೆಯಲ್ಲಿ ನೀರು ಇರುವವರೆಗೂ ಅನ್ನ ಸೀಯುವುದಿಲ್ಲ, ಒಲೆ ಎಷ್ಟೇ ಉರಿಯಲಿ. ನೀರು ಆವಿಯಾಗುವಾಗ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, ಅನ್ನ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಇಂಗಿದ ಮೇಲೆ ನಿಮಿಷದಲ್ಲಿ ತಳ ಹಿಡಿಯುತ್ತದೆ.

ಪಂಚೆಯ ಕಥೆಯೂ ಇದೇ. ನೀರು ಚಿಮುಕಿಸಿ ಇಸ್ತ್ರಿ ಮಾಡುವಾಗ ಆ ತೇವ ಬಟ್ಟೆಯನ್ನು ಕಾಯುತ್ತದೆ. ತೇವ ಆರಿದ ಮೇಲೂ ಪೆಟ್ಟಿಗೆ ಅಲ್ಲೇ ನಿಂತರೆ ಬಟ್ಟೆಯ ಬಿಸಿ ನೇರವಾಗಿ ತಳದ ಬಿಸಿಗೇ ಏರುತ್ತದೆ. ಬಟ್ಟೆಯ ಮೇಲೆ ಗಂಜಿ ಇದ್ದರೆ ಇನ್ನೂ ಒಂದು ತೊಂದರೆ. ಗಂಜಿ ಬಟ್ಟೆಗಿಂತ ಮೊದಲು ಕಂದಾಗುತ್ತದೆ. ರೊಟ್ಟಿಯ ಮೇಲಿನ ಕಂದು ಮಚ್ಚೆ ನೋಡಿದ್ದೀರಲ್ಲ, ಹಾಗೇ. ನೋಡಲು ಬಟ್ಟೆಯೇ ಸುಟ್ಟಂತೆ ಕಾಣುತ್ತದೆ, ಆದರೆ ಸುಟ್ಟಿದ್ದು ಮೇಲಿನ ಗಂಜಿ ಮಾತ್ರ. ಇದು ಒಳ್ಳೆಯ ಸುದ್ದಿ, ಯಾಕೆಂದರೆ ಹುರಿದ ಗಂಜಿ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ.

ಮೊದಲು ಪೆಟ್ಟಿಗೆ: ಅಂಟಿದ್ದು ಯಾವುದು ಅಂತ ಪತ್ತೆ ಹಚ್ಚುವುದು

ಪೆಟ್ಟಿಗೆ ಕೊಳೆಯಾಗಿರುವಾಗ ಬಟ್ಟೆ ಸರಿಮಾಡಲು ಹೋಗಬೇಡಿ. ಮತ್ತೆ ಅದೇ ಕೊಳೆ ಬಟ್ಟೆಗೆ ಹತ್ತುತ್ತದೆ.

ತಳಕ್ಕೆ ಅಂಟುವುದೂ ಎರಡು ಥರ. ಪ್ಲಾಸ್ಟಿಕ್ ಜಾತಿಯ ಬಟ್ಟೆ ಕರಗಿ ಅಂಟಿದ್ದು ಒಂದು. ಗಂಜಿ, ಸೋಪಿನ ಪುಡಿಯ ಉಳಿಕೆ, ಹತ್ತಿಯ ನಾರು ಸೀದು ಕರಕಲಾಗಿ ಕೂತಿದ್ದು ಇನ್ನೊಂದು. ಗುರುತಿಸುವುದು ಸುಲಭ. ತಣ್ಣಗಿರುವಾಗ ನೋಡಿ. ಹೊಳಪಿನ, ಉಬ್ಬಿದ, ಗಟ್ಟಿ ಹನಿಯ ಥರ ಇದ್ದರೆ ಪ್ಲಾಸ್ಟಿಕ್. ಮಬ್ಬು, ಒರಟು, ಹರಡಿದ ಕಂದು-ಕಪ್ಪು ಪದರವಾದರೆ ಕರಕಲು. ಅನುಮಾನ ಇದ್ದರೆ ಪೆಟ್ಟಿಗೆ ಕಾಯಿಸಿ, ಐಸ್‌ಕ್ರೀಂ ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿ. ಮೆತ್ತಗಾಗಿ ನೂಲಿನ ಹಾಗೆ ಎಳೆದುಕೊಂಡರೆ ಪ್ಲಾಸ್ಟಿಕ್. ಎಷ್ಟು ಬಿಸಿಯಾದರೂ ಅಲುಗದಿದ್ದರೆ ಕರಕಲು.

ತಳ ಯಾವುದರದ್ದು ಅನ್ನುವುದನ್ನೂ ನೋಡಬೇಕು. ಬೆಳ್ಳಿಯಂತೆ ಹೊಳೆಯುವ ಬರೀ ಲೋಹವೋ, ಕಪ್ಪು ಅಥವಾ ಬಣ್ಣದ ನಾನ್‌ಸ್ಟಿಕ್ ಲೇಪನವೋ? ಲೇಪನ ಇದ್ದರೆ ಉಪ್ಪು, ಸ್ಟೀಲ್ ಜುಂಗು, ಉಜ್ಜುಕಾಗದ, ಚಾಕು ಯಾವುದೂ ತಾಗಬಾರದು. ನಾನ್‌ಸ್ಟಿಕ್ ದೋಸೆ ಹೆಂಚಿನ ಮೇಲೆ ಸ್ಟೀಲ್ ಸಟ್ಟುಗ ಆಡಿಸುವುದಿಲ್ಲವಲ್ಲ, ಅದೇ ನಿಯಮ. ಬರೀ ಲೋಹದ ತಳವನ್ನೂ ಚಾಕುವಿನಿಂದ ಹೆರೆಯುವುದು ಒಳ್ಳೆಯದಲ್ಲ. ಗೀರು ಬಿದ್ದ ಜಾಗದಲ್ಲಿ ಗಂಜಿ ಸೇರಿಕೊಳ್ಳುತ್ತದೆ, ಸೀಯುತ್ತದೆ, ಅದರ ಮೇಲೆ ಇನ್ನಷ್ಟು ಹಿಡಿಯುತ್ತದೆ. ಸಲ ಸಲಕ್ಕೂ ಕೊಳೆ ಬೇಗ ಕಟ್ಟುವ ಪೆಟ್ಟಿಗೆಯ ತಳವನ್ನು ಬೆಳಕಿಗೆ ಹಿಡಿದು ನೋಡಿ, ಗೀರುಗಳು ಕಂಡೇ ಕಾಣುತ್ತವೆ.

ಕರಗಿ ಅಂಟಿದ ಪ್ಲಾಸ್ಟಿಕ್ ತೆಗೆಯುವುದು

ಇದನ್ನು ತಣ್ಣಗೆ ಕೆರೆಯುವುದು ಸುಮ್ನೆ ಶ್ರಮ. ಬಿಸಿಯಿಂದ ಅಂಟಿದ್ದನ್ನು ಬಿಸಿಯಿಂದಲೇ ಬಿಡಿಸಬೇಕು. ಕಿಟಕಿ ತೆರೆಯಿರಿ, ಮಕ್ಕಳನ್ನು ಹೊರಗೆ ಕಳಿಸಿ. ಅಂಟಿದ್ದು ಮೆತ್ತಗಾಗುವಷ್ಟೇ ಬಿಸಿ ಮಾಡಿ, ಹೊಗೆ ಬರುವಷ್ಟು ಬೇಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಐಸ್‌ಕ್ರೀಂ ಕಡ್ಡಿ ಅಥವಾ ಮರದ ಸಟ್ಟುಗದ ಅಂಚಿನಿಂದ ಒಂದೇ ದಿಕ್ಕಿಗೆ ತಳ್ಳಿ. ಹಿಂದೆಯೇ ನಾಲ್ಕು ಮಡಿಕೆ ಹಾಕಿದ ಹಳೇ ಹತ್ತಿ ಬಟ್ಟೆಯಿಂದ ಒರೆಸಿ. ಬಟ್ಟೆ ಹತ್ತಿಯದ್ದೇ ಆಗಿರಲಿ. ಟೆರಿಕಾಟ್ ಚಿಂದಿಯಿಂದ ಒರೆಸಲು ಹೋದರೆ ಅದೂ ಅಂಟುತ್ತದೆ.

ದೊಡ್ಡ ತುಂಡೆಲ್ಲ ಹೋಗಿ ತೆಳ್ಳಗೆ ಒಂದು ಪದರ ಉಳಿದೇ ಉಳಿಯುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಇದು ಬರೀ ಬಾಯಿಮಾತಿನ ಉಪಾಯ ಅಲ್ಲ. ಪ್ಯಾರಾಸಿಟಮಾಲ್ ಸುಮಾರು 170 ಡಿಗ್ರಿಗೆ ಕರಗಿ ನೀರಾಗುತ್ತದೆ. ಕಾಟನ್ ಬಿಸಿಯಲ್ಲಿರುವ ತಳದ ಮೇಲೆ ಮಾತ್ರೆ ಉಜ್ಜಿದರೆ ಆ ಬಿಸಿ ದ್ರವ ಅಂಟಿದ ಪದರದೊಂದಿಗೆ ಬೆರೆತು ಅದನ್ನು ಸಡಿಲಿಸುತ್ತದೆ. ಮಾತ್ರೆಯನ್ನು ಕೈಯಲ್ಲಿ ಹಿಡಿಯಬೇಡಿ, ಚಿಮಟದಲ್ಲಿ ಹಿಡಿಯಿರಿ. ಬಿಳಿಯ ಸಾದಾ ಮಾತ್ರೆ ಸಾಕು, ಬಣ್ಣದ ಹೊದಿಕೆ ಇರುವುದು ಬೇಡ. ಕಲೆ ಇರುವಲ್ಲಿ ಮಾತ್ರ ಉಜ್ಜಿ, ದ್ರವ ಕಂದಾಗುತ್ತಿದ್ದಂತೆ ಬಟ್ಟೆಯಿಂದ ಒರೆಸಿ. ಹೊಗೆ ಏಳುತ್ತದೆ, ಮುಖ ಹತ್ತಿರ ತರಬೇಡಿ. ನನಗೆ ಎರಡು ಮಾತ್ರೆ ಹಿಡಿಯಿತು. ಮೊದಲನೆಯದರಲ್ಲಿ ಒರೆಸಿದ ಬಟ್ಟೆ ಕಡು ಕಂದು, ಎರಡನೆಯದರಲ್ಲಿ ಬರೀ ಹಳದಿ. ಆಗ ನಿಲ್ಲಿಸಿದೆ. ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಮಾತ್ರೆಯ ಉಳಿಕೆ ತೆಗೆಯಬೇಕು. ಸ್ಟೀಮ್ ಪೆಟ್ಟಿಗೆಯಾದರೆ ತೂತುಗಳ ಹತ್ತಿರ ಉಜ್ಜಬೇಡಿ. ಕರಗಿದ್ದು ಒಳಗೆ ಹೋಗಿ ಗಟ್ಟಿಯಾದರೆ ಮುಂದೆ ಹಬೆಯ ಜೊತೆ ಬಿಳಿ ಬಟ್ಟೆಯ ಮೇಲೆ ಬೀಳುತ್ತದೆ.

ಉಗುರು ಬಣ್ಣ ತೆಗೆಯುವ ದ್ರವ ಹಚ್ಚಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿರುವ ಅಸಿಟೋನ್ ನೈಲಾನನ್ನಾಗಲಿ ಪಾಲಿಯೆಸ್ಟರನ್ನಾಗಲಿ ಕರಗಿಸುವುದಿಲ್ಲ. ಮೇಲಾಗಿ ಬಿಸಿ ಪೆಟ್ಟಿಗೆಗೆ ತಾಗಿದರೆ ಬೇಗ ಆವಿಯಾಗುತ್ತದೆ, ಆ ಆವಿ ಒಂದು ಸಣ್ಣ ಕಿಡಿಗೂ ಭಗ್ ಅಂತ ಹತ್ತಿಕೊಳ್ಳಬಹುದು. ಅದರ ತಂಟೆಗೆ ಹೋಗಬೇಡಿ.

ಸೀದ ಗಂಜಿಯ ಕರಕಲು ತೆಗೆಯುವುದು

ಇದಕ್ಕೆ ಬಿಸಿ ಬೇಡ, ನೀರು ಬೇಕು. ಪ್ಲಗ್ ಕಿತ್ತ, ಕೈ ಸುಡದಷ್ಟು ಬೆಚ್ಚಗಿರುವ ಪೆಟ್ಟಿಗೆಯನ್ನು ಒದ್ದೆ ಟವೆಲ್ ಮಡಿಕೆಯ ಮೇಲೆ ಹತ್ತು ಹದಿನೈದು ನಿಮಿಷ ಇಡಿ. ನೀರು ಸುರಿಯುವಷ್ಟು ಒದ್ದೆ ಬೇಡ, ಚೆನ್ನಾಗಿ ಹಿಂಡಿರಲಿ. ಗಂಜಿ ನೆನೆದು ಮೆತ್ತಗಾಗುತ್ತದೆ, ಅದೇ ಟವೆಲಿನಿಂದ ಒರೆಸಿದರೆ ಅರ್ಧಕ್ಕಿಂತ ಜಾಸ್ತಿ ಬಂದುಬಿಡುತ್ತದೆ. ಉಳಿದದ್ದಕ್ಕೆ ಎರಡು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಬೆರೆಸಿ ಲೇಪದಂತೆ ಮಾಡಿ ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿ. ಲೋಹ ಬರೀ ಅಲ್ಯೂಮಿನಿಯಂ ಆದರೆ ಲೇಪವನ್ನು ಹಚ್ಚಿ ಬಿಟ್ಟಿರಬೇಡಿ, ಉಜ್ಜಿದ ಕೂಡಲೇ ಒರೆಸಿಬಿಡಿ. ಸೋಡಾ ನಿಂತರೆ ಅಲ್ಯೂಮಿನಿಯಂ ಮಬ್ಬಾಗುತ್ತದೆ. ಬಟ್ಟೆ ಸೋಡಾ ಅಂತೂ ಹಾಕಲೇಬೇಡಿ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಬರೀ ಲೋಹದ ತಳಕ್ಕೆ ಹಳೆಯ ಉಪ್ಪಿನ ವಿಧಾನವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಳೇ ಹತ್ತಿ ಬಟ್ಟೆಯ ಮೇಲೆ ಎರಡು ಚಮಚ ಪುಡಿ ಉಪ್ಪು ಹರಡಿ, ಹಬೆ ಇಲ್ಲದೆ, ಬೆಚ್ಚಗಿನ ಪೆಟ್ಟಿಗೆಯನ್ನು ಅದರ ಮೇಲೆ ಆಡಿಸುವುದು. ಉಪ್ಪಿನ ಹರಳು ಕರಕಲನ್ನು ಉಜ್ಜಿ ತೆಗೆಯುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಪೂರ್ತಿ ಒರೆಸಬೇಕು. ವಿನೆಗರ್ ಬೇಕಾಗುವುದು ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಲೆಗೆ. ಕರಕಲಿಗೆ ಅದು ಹೆಚ್ಚೇನೂ ಮಾಡದು.

ಕೊಳೆ ಹೋಯಿತೋ ಇಲ್ಲವೋ ನೋಡಲು ಪೆಟ್ಟಿಗೆಯನ್ನು ಕಾಟನ್ ಬಿಸಿಗೆ ಕಾಯಿಸಿ, ತುಸು ಒದ್ದೆಯಾದ ಹಳೇ ಬಿಳಿ ಬಟ್ಟೆಯ ಮೇಲೆ ನಾಲ್ಕು ಸಲ ಓಡಿಸಿ. ಗೀರು ಬೀಳಬಾರದು, ಎಲ್ಲೂ ತಡೆದು ಎಳೆಯಬಾರದು.

ಈಗ ಪಂಚೆ: ಕಲೆಯೋ, ಗಾಯವೋ?

ಕಲೆ ಕಂಡ ತಕ್ಷಣ ಎಲ್ಲರೂ ಮಾಡುವ ತಪ್ಪು, ಅದರ ಮೇಲೆ ಇನ್ನೊಂದು ಸಲ ಪೆಟ್ಟಿಗೆ ಆಡಿಸುವುದು. ಅದರಿಂದ ಕಲೆ ಇನ್ನೂ ಗಟ್ಟಿಯಾಗುತ್ತದೆ. ಮೊದಲು ಬಟ್ಟೆಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎಂದಿನಂತೆ ಸೋಪು ಹಾಕಿ ತಿಕ್ಕಿ ಒಗೆಯಿರಿ. ಒಣಗಿಸಿ ನೋಡಿ. ಒದ್ದೆ ಬಟ್ಟೆಯಲ್ಲಿ ಕಲೆ ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ.

ಅಪ್ಪನ ಪಂಚೆಯ ಆ ತಿಳಿ ಕಂದು ಮಚ್ಚೆಗಳು ಇಷ್ಟಕ್ಕೇ ಹೋದವು. ಅವು ಗಂಜಿಯವು. ಕಪ್ಪು ಗೀರು ನೈಲಾನಿನದ್ದು, ಅದು ನೀರಿಗೆ ಜಗ್ಗುವುದಿಲ್ಲ. ಬಟ್ಟೆಯ ಆ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಎರಡು ಗಂಟೆ ಇಟ್ಟೆ. ಪ್ಲಾಸ್ಟಿಕ್ ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ಬಟ್ಟೆಯನ್ನು ಬೆರಳಲ್ಲಿ ಬಾಗಿಸಿ, ಉಗುರಿನಿಂದ ಕೆರೆದರೆ ಚೂರು ಚೂರಾಗಿ ಉದುರಿತು. ಎಳೆಯೊಳಗೆ ಹೋಗಿದ್ದ ಒಂದೆರಡು ಚುಕ್ಕಿ ಉಳಿದವು.

ಉಳಿದದ್ದು ಪೆಟ್ಟಿಗೆಯ ಮೂತಿಯ ಗುರುತು. ಇಲ್ಲಿ ಒಂದು ಪರೀಕ್ಷೆ ಮಾಡಲೇಬೇಕು. ಕಲೆಯ ಜಾಗವನ್ನು ತಿರುಗಿಸಿ ಹಿಂಬದಿ ನೋಡಿ. ಹಿಂದೆ ಬೆಳ್ಳಗಿದ್ದರೆ ಸೀದಿದ್ದು ಮೇಲ್ಮೈ ಮಾತ್ರ. ಎರಡೂ ಕಡೆ ಕಂದಾಗಿದ್ದರೆ ಕಲೆಯ ಮೇಲೆಯೇ ಬಟ್ಟೆಯನ್ನು ಮಡಿಸಿ, ಹೆಬ್ಬೆರಳುಗಳಿಂದ ಮೆಲ್ಲಗೆ ಎಳೆದು ನೋಡಿ. ಒಳ್ಳೆಯ ಹತ್ತಿ ಎಳೆತಕ್ಕೆ ಬಗ್ಗುತ್ತದೆ. ಸೀದು ಹೋದ ಹತ್ತಿ ಹಪ್ಪಳದ ಹಾಗೆ ಪಟ್ಟೆಂದು ಒಡೆಯುತ್ತದೆ, ಕಂದು ಪುಡಿ ಕೈಗೆ ಹತ್ತುತ್ತದೆ. ಅಲ್ಲಿ ನಾರಿನ ಒಳಗಿನ ಉದ್ದನೆಯ ಸರಪಳಿಗಳೇ ತುಂಡಾಗಿರುತ್ತವೆ. ಬಣ್ಣ ತೆಗೆಯಬಹುದು, ಆದರೆ ತುಂಡಾದ ಸರಪಳಿಯನ್ನು ಜೋಡಿಸಲು ಯಾವ ದ್ರವಕ್ಕೂ ಆಗುವುದಿಲ್ಲ.

ಹಳದಿ ಮತ್ತು ತಿಳಿ ಕಂದು ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಗಾಯ ತೊಳೆಯಲು ಉಪಯೋಗಿಸುವ ನೊರೆ ಬರುವ ದ್ರವ ಅದೇ. ಸೀದಾಗ ಹುಟ್ಟಿಕೊಂಡ ಬಣ್ಣದ ವಸ್ತುವನ್ನು ಇದು ಆಮ್ಲಜನಕ ಕೊಟ್ಟು ಮುರಿಯುತ್ತದೆ, ಬಣ್ಣ ಇಲ್ಲದ್ದಾಗಿಸುತ್ತದೆ. ಬಾಟಲಿಯ ಮೇಲೆ ಶೇಕಡಾ 6 ಅಂತಲೋ 20 ವಾಲ್ಯೂಮ್ ಅಂತಲೋ ಇದ್ದರೆ ಅಷ್ಟೇ ನೀರು ಬೆರೆಸಿ ಶೇಕಡಾ 3ಕ್ಕೆ ಇಳಿಸಿಕೊಳ್ಳಿ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ನಾನು ಮಾಡಿದ್ದು ಹೀಗೆ. ಕಲೆಯ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟೆ. ಒಗೆದ ಒದ್ದೆ ಬಟ್ಟೆಯ ಮೇಲೆ ಮೂರು ಚಮಚ ಈ ದ್ರವಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಬೆರೆಸಿ ಹಾಕಿದೆ. ಸೋಡಾ ಹಾಕಿದರೆ ಪೆರಾಕ್ಸೈಡ್ ಚುರುಕಾಗುತ್ತದೆ. ಇಪ್ಪತ್ತು ನಿಮಿಷ ಬೆಳಕಿನಲ್ಲಿ ಇಟ್ಟೆ, ಒಣಗದಂತೆ ನಡುವೆ ಒಂದು ಸಲ ಮತ್ತೆ ಹಾಕಿದೆ. ಬಟ್ಟೆಯ ಮೇಲೆ ಒಣಗಲು ಬಿಟ್ಟರೆ ದ್ರವ ಗಾಢವಾಗಿ ನಾರಿಗೆ ಪೆಟ್ಟಾಗುತ್ತದೆ. ಆಮೇಲೆ ಚೆನ್ನಾಗಿ ಜಾಲಾಡಿಸಿದೆ. ಮೊದಲ ಸಲಕ್ಕೆ ಕಂದು ಹಳದಿಯಾಯಿತು. ಎರಡನೇ ಸಲಕ್ಕೆ ಅಂಚುಗಳು ಪೂರ್ತಿ ಬೆಳ್ಳಗಾದವು. ಮೂರನೇ ಸಲಕ್ಕೆ ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಉಳಿಯಿತು. ನಾಲ್ಕನೇ ಸಲ ಹಾಕಲಿಲ್ಲ. ಮಡಿಸಿ ಎಳೆದಾಗ ಆ ಜಾಗ ಸಣ್ಣಗೆ ಕರಕರ ಅಂದಿತ್ತು.

ಎಲ್ಲಿ ಕೈ ಹಾಕಬಾರದು

ಪೆರಾಕ್ಸೈಡ್ ಬಣ್ಣದ ಬಟ್ಟೆಯ ಬಣ್ಣವನ್ನೂ ತೆಗೆಯಬಹುದು. ಒಳ ಹೊಲಿಗೆಯ ಮೇಲೆ ಒಂದು ಹನಿ ಹಾಕಿ ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಂದರೆ ಬಿಟ್ಟುಬಿಡಿ. ಜರಿ ಅಂಚಿಗೆ ತಾಗಿಸಬೇಡಿ.

ಇನ್ನೊಂದು ಮುಖ್ಯ ವಿಷಯ, ಕಬ್ಬಿಣ. ಬಟ್ಟೆಯ ಮೇಲೆ ತುಕ್ಕಿನ ಕಲೆ ಇದ್ದರೆ ಪೆರಾಕ್ಸೈಡ್ ಅಲ್ಲಿ ವಿಪರೀತ ವೇಗದಲ್ಲಿ ಕೆಲಸ ಮಾಡಿ ಸಣ್ಣ ತೂತುಗಳನ್ನೇ ಮಾಡಿಬಿಡುತ್ತದೆ. ಕಬ್ಬಿಣದ ಬಕೆಟ್ ಬಳಸಬೇಡಿ. ಬೋರ್‌ವೆಲ್ ನೀರು ನಿಂತ ಮೇಲೆ ತುಕ್ಕು ಬಣ್ಣಕ್ಕೆ ತಿರುಗುವ ಕಡೆ ಕುಡಿಯುವ ನೀರಿನಲ್ಲಿ ಜಾಲಾಡಿಸಿ.

ಬ್ಲೀಚಿಂಗ್ ದ್ರವ ಬಿಳಿ ಹತ್ತಿಯ ಕಲೆ ತೆಗೆಯುತ್ತದೆ ಅನ್ನುವುದು ನಿಜ. ಆದರೆ ಈಗಾಗಲೇ ಸೊರಗಿರುವ ನಾರನ್ನು ಅದು ಇನ್ನೂ ಸೊರಗಿಸುತ್ತದೆ, ನನಗೆ ಅದು ಇಲ್ಲಿ ಬೇಡವೆನಿಸುತ್ತದೆ. ಅದರ ಜೊತೆ ವಿನೆಗರ್ ಅಥವಾ ನಿಂಬೆರಸವನ್ನಂತೂ ಬೆರೆಸಲೇಬಾರದು, ಉಸಿರಿಗೆ ಅಪಾಯವಾದ ಕ್ಲೋರಿನ್ ಅನಿಲ ಬರುತ್ತದೆ. ಅಮ್ಮನ ನಿಂಬೆಹಣ್ಣು ಬೇರೆ ಮಾತು. ತೀರ ತಿಳಿ ಹಳದಿ ಕಲೆಗೆ ನಿಂಬೆರಸ ಹಚ್ಚಿ, ಬಿಸಿಲಿನಲ್ಲಿ ತೇವ ಆರದಂತೆ ನೋಡಿಕೊಂಡು ಒಗೆದರೆ ಸ್ವಲ್ಪ ಮಸುಕಾಗುತ್ತದೆ. ಕಂದು ಕಲೆಗೆ ಅಷ್ಟು ಶಕ್ತಿ ಅದಕ್ಕಿಲ್ಲ. ಒಗೆಯುವಾಗ ಹಾಕುವ ನೀಲಿ ಉಳಿದ ಹಳದಿ ಛಾಯೆಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ.

ರೇಷ್ಮೆ, ಉಣ್ಣೆ ಬೇರೆ ಜಾತಿಯ ನಾರು. ಇಲ್ಲಿ ಹೇಳಿದ್ದು ಯಾವುದನ್ನೂ ಅವುಗಳ ಮೇಲೆ ಮಾಡಬೇಡಿ. ಇನ್ನು ಟೆರಿಕಾಟ್ ಯೂನಿಫಾರಂ ಮೇಲೆ ಹೊಳಪಿನ ಗುರುತು ಬಿದ್ದರೆ ಅದು ಸೀದ ಬಣ್ಣವಲ್ಲ, ಪಾಲಿಯೆಸ್ಟರ್ ಎಳೆ ಕರಗಿ ಚಪ್ಪಟೆಯಾದದ್ದು. ಅದು ಮರಳಿ ಮೊದಲಿನಂತಾಗುವುದಿಲ್ಲ. ಬಟ್ಟೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಒಳ ಹೊಲಿಗೆಯಿಂದ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದದ ವಾಸನೆ ಬಂದು ಮೆತ್ತಗಿನ ಬೂದಿ ಉಳಿದರೆ ಹತ್ತಿ. ಮುದುಡಿ ಗಟ್ಟಿ ಮಣಿಯಂತಾದರೆ ಪ್ಲಾಸ್ಟಿಕ್ ಜಾತಿ. ಎರಡೂ ಕಂಡರೆ ಬೆರಕೆ, ಅದಕ್ಕೆ ಎರಡು ಚುಕ್ಕಿಗಿಂತ ಮೇಲೆ ಹೋಗಬೇಡಿ.

ಅಪ್ಪನ ಪಂಚೆಯ ಆ ನಾಣ್ಯದಷ್ಟು ಜಾಗದ ಹಿಂದೆ ಅದೇ ಬಿಳಿಯ ಸಣ್ಣ ಹತ್ತಿ ತುಂಡು ಇಟ್ಟು ಅಮ್ಮ ಸಣ್ಣ ಹೊಲಿಗೆ ಹಾಕಿದರು, ಎಳೆತಕ್ಕೆ ಹರಿಯದಿರಲಿ ಅಂತ. ಉಟ್ಟಾಗ ಅದು ನೆರಿಗೆಯ ಒಳಗೆ ಹೋಗುತ್ತದೆ. ಫ್ರಾಕಿನ ನೆಟ್ ಬಿಚ್ಚಿ ಹತ್ತಿಯ ಲೇಸ್ ಹಾಕಿಸಿದ್ದೇವೆ.